ಗೋಣಿಚೀಲ ಸುತ್ತಿದರೂ ಉಬ್ಬದ ಹಿಟ್ಟು

ಬೆಳಿಗ್ಗೆ 5 ಗಂಟೆಗೆ ದೋಸೆ ಹಿಟ್ಟಿನ ಡಬರಿಯ ಮುಚ್ಚಳ ತೆಗೆದೆ. ರಾತ್ರಿ ಎಲ್ಲಿಗೆ ಬಿಟ್ಟು ಹೋಗಿದ್ದೆನೋ ಹಿಟ್ಟು ಅಲ್ಲೇ ಇತ್ತು. ಒಂದು ಬೆರಳಿನಷ್ಟೂ ಮೇಲೆ ಬಂದಿರಲಿಲ್ಲ. ಸೌಟು ಹಾಕಿ ಎತ್ತಿದೆ. ಹುದುಗು ಬಂದ ಹಿಟ್ಟಾದರೆ ಸೌಟು ಇಳಿಯುವಾಗಲೇ ಬುಸ್ ಅಂತ ಗಾಳಿ ಬಿಡುತ್ತದೆ, ಒಳಗೆಲ್ಲ ಸಣ್ಣ ಸಣ್ಣ ತೂತು ಕಾಣುತ್ತದೆ. ಇದು ಗಂಜಿಯ ಹಾಗೆ ಜಾರಿ ಕೆಳಗೆ ಬಿತ್ತು. ಮೂಸಿ ನೋಡಿದೆ, ಹಸಿ ಉದ್ದಿನ ವಾಸನೆ. ಎರಡನೇ ಡಬರಿಯೂ ಹಾಗೇ.

6 ಗಂಟೆಗೆ ಹೋಟೆಲಿನ ಬಾಗಿಲು ತೆಗೆಯಬೇಕು. ಕಾವಲಿ ಆಗಲೇ ಕಾಯುತ್ತಿತ್ತು.

ಹಿಂದಿನ ರಾತ್ರಿ ಚಳಿ ಜಾಸ್ತಿ ಇದೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಎರಡೂ ಡಬರಿಗೆ ಎರಡೆರಡು ಗೋಣಿಚೀಲ ಸುತ್ತಿ, ಮೇಲೆ ಹಳೆ ಕಂಬಳಿ ಹೊದಿಸಿ ಹೋಗಿದ್ದೆ. ಇಷ್ಟು ಬಂದೋಬಸ್ತ್ ಮಾಡಿದ ಮೇಲೆ ಹಿಟ್ಟು ಉಬ್ಬದೆ ಎಲ್ಲಿ ಹೋಗುತ್ತದೆ ಅಂದುಕೊಂಡಿದ್ದೆ. ಈಗ ಚೀಲ ಬಿಚ್ಚಿ ಡಬರಿ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು.

ಗಾಬರಿಯಲ್ಲಿ ಮೊದಲು ಮಾಡಿದ ಕೆಲಸವೇ ತಪ್ಪಾಯಿತು. ಕುದಿಯುವ ನೀರಿನ ಹಂಡೆಯೊಳಗೆ ಒಂದು ಡಬರಿ ಇಳಿಸಿದೆ. ಹತ್ತು ನಿಮಿಷಕ್ಕೆ ತಳದಲ್ಲಿ ಕೈಯಾಡಿಸಿದರೆ ಗಟ್ಟಿ ಗಟ್ಟಿ ಗಂಟು. ಅಂಚಿನ ಹಿಟ್ಟು ಬೆಂದು ಅಂಟಿಕೊಂಡಿತ್ತು, ನಡುವಿನದು ಹಾಗೇ ತಣ್ಣಗಿತ್ತು. ಆಮೇಲೆ ಅದಕ್ಕೇ ಅಡುಗೆ ಸೋಡಾ ಹಾಕಿದೆ. ಕಾವಲಿಯ ಮೇಲೆ ತೂತೇನೋ ಬಂತು, ಆದರೆ ದೋಸೆಗೆ ಹುಳಿ ಇಲ್ಲ, ಬಾಯಲ್ಲಿ ಸಾಬೂನಿನ ರುಚಿ. ಮೊದಲ ಮೂರು ಪ್ಲೇಟ್ ವಾಪಸ್ ಬಂತು. ಸಪ್ಲೈಯರ್ ಹುಡುಗ ಏನೂ ಹೇಳದೆ ಪ್ಲೇಟ್ ಇಟ್ಟು ಹೋದ. ಆ ಮೂರು ಪ್ಲೇಟ್ ಇವತ್ತಿಗೂ ಕಣ್ಣ ಮುಂದೆ ಇವೆ.

ಮಾಲೀಕರು ಬಂದು ಎಲ್ಲ ಚೆಲ್ಲಿ ಅಂದರು. ನಮ್ಮ ಭಟ್ಟರು ಮಾತ್ರ ಎರಡನೇ ಡಬರಿಯನ್ನು ಮುಟ್ಟಲು ಬಿಡಲಿಲ್ಲ. "ಇದು ಸತ್ತಿಲ್ಲ ಮಾರಾಯ, ಮಲಗಿದೆ. ಬಾಯ್ಲರ್ ಪಕ್ಕ ಇಡು, ಸಂಜೆ ನೋಡೋಣ" ಅಂದರು. ಬೆಳಿಗ್ಗೆ ಉಪ್ಪಿಟ್ಟು, ಪೂರಿ ಮಾಡಿ ಹೇಗೋ ದಾಟಿಸಿದೆವು. ಸಂಜೆ 4 ಗಂಟೆಗೆ ಹೋಗಿ ನೋಡಿದರೆ ಹಿಟ್ಟು ಡಬರಿಯ ಬಾಯಿಯವರೆಗೆ ಬಂದು ಮುಚ್ಚಳವನ್ನು ಎತ್ತುತ್ತಿತ್ತು! ಅದೇ ಹಿಟ್ಟಿನಲ್ಲಿ ಸಂಜೆಯ ದೋಸೆ ಗರಿಗರಿಯಾಗಿ ಬಂತು.

ಆಗ ಭಟ್ಟರು ಕೇಳಿದರು. "ನೀನು ರಾತ್ರಿ ಸುತ್ತಿಟ್ಟಾಗ ಹಿಟ್ಟು ಬಿಸಿ ಇತ್ತೋ ತಣ್ಣಗಿತ್ತೋ?" ನಾನು ಯೋಚನೆಯೇ ಮಾಡಿರಲಿಲ್ಲ.

ಗೋಣಿಚೀಲಕ್ಕೆ ತನ್ನದೇ ಬಿಸಿ ಇಲ್ಲ ಅಲ್ವಾ. ಒಳಗೆ ಇರುವುದನ್ನು ಹಾಗೇ ಉಳಿಸಿಕೊಳ್ಳುತ್ತದೆ, ಅಷ್ಟೇ. ಬಿಸಿ ಹಿಟ್ಟು ಸುತ್ತಿದರೆ ಬಿಸಿ ನಿಲ್ಲುತ್ತದೆ. ತಣ್ಣನೆ ಹಿಟ್ಟು ಸುತ್ತಿದರೆ ಅಡುಗೆಮನೆಯ ಬಿಸಿಯೂ ಒಳಗೆ ಹೋಗುವುದಿಲ್ಲ. ನಾನು ಮಾಡಿದ್ದು ಎರಡನೆಯದು. ಅಕ್ಕಿ ಉದ್ದು ನೆನೆದದ್ದು ಮಾಳಿಗೆಯ ಟ್ಯಾಂಕಿನ ನೀರಿನಲ್ಲಿ, ರುಬ್ಬಿದ್ದೂ ಅದೇ ನೀರಿನಲ್ಲಿ. ಮರುದಿನ ರಾತ್ರಿ ನನ್ನ ಕೈಯಿಂದಲೇ ಒಂದು ಥರ್ಮಾಮೀಟರ್ ತಂದು ಅಳೆದೆ. ಟ್ಯಾಂಕಿನ ನೀರು 16 ಡಿಗ್ರಿ. ನೆನೆದ ಅಕ್ಕಿ 17. ಗ್ರೈಂಡರ್‌ನಿಂದ ತೆಗೆದ ಹಿಟ್ಟು 19.

ಹಿಟ್ಟನ್ನು ಉಬ್ಬಿಸುವುದು ಅಕ್ಕಿ ಉದ್ದಿನಲ್ಲೇ ಇರುವ ಹುಳಿ ಬರಿಸುವ ಬ್ಯಾಕ್ಟೀರಿಯಾ. ಅವು ಹಿಟ್ಟಿನ ಸಕ್ಕರೆ ತಿಂದು ಹುಳಿಯನ್ನೂ ಗಾಳಿಯನ್ನೂ ಬಿಡುತ್ತವೆ. ಆ ಗಾಳಿ ತಪ್ಪಿಸಿಕೊಳ್ಳದ ಹಾಗೆ ಹಿಡಿಯುವುದು ಉದ್ದಿನ ಲೋಳೆ. ಹಿಟ್ಟು 28ರಿಂದ 32 ಡಿಗ್ರಿ ಇದ್ದರೆ ಎಂಟು ಹತ್ತು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. 19ರಲ್ಲಿ ಅದೇ ಕೆಲಸಕ್ಕೆ ಒಂದು ಹಗಲು ಒಂದು ರಾತ್ರಿ ಬೇಕಾಗುತ್ತದೆ. ನಮ್ಮ ಹಿಟ್ಟಿಗೆ ಸಿಕ್ಕಿದ್ದು ಏಳು ಗಂಟೆ. ಅಂದರೆ ಅದು ಕೆಟ್ಟಿರಲಿಲ್ಲ, ಅದಕ್ಕೆ ಟೈಮ್ ಸಾಲಲಿಲ್ಲ. ಬಾಯ್ಲರ್ ಪಕ್ಕ ಬಿಸಿಯೂ ಟೈಮೂ ಸಿಕ್ಕಿದ ಮೇಲೆ ತಾನಾಗಿ ಎದ್ದಿತು.

ಹಾಗಾಗಿ ಚಳಿಗಾಲದಲ್ಲಿ ಡಬರಿ ಬಿಸಿ ಮಾಡುವ ಬದಲು ರುಬ್ಬುವಾಗಲೇ ಹಿಟ್ಟನ್ನು ಬಿಸಿ ಮಾಡಿಕೊಳ್ಳಬೇಕು. ನಮ್ಮದು ಒಂದು ಡಬರಿಗೆ 9 ಕಿಲೋ ಅಕ್ಕಿ, 3 ಕಿಲೋ ಉದ್ದು, ಒಂದು ಹಿಡಿ ಮೆಂತ್ಯ. ರುಬ್ಬಲು ಹತ್ತು ಲೀಟರಿನ ಆಸುಪಾಸು ನೀರು ಹಿಡಿಯುತ್ತದೆ. ನೀರು ಹಿಟ್ಟಿನ ದೊಡ್ಡ ಪಾಲು, ಹಾಗಾಗಿ ಅದನ್ನು ಬಿಸಿ ಮಾಡಿದರೆ ಉಳಿದದ್ದೂ ಏರುತ್ತದೆ. 40 ಡಿಗ್ರಿಯ ನೀರು ಹಾಕಿ ರುಬ್ಬಿದೆ. ಕೊನೆಗೆ ಹಿಟ್ಟು 29ಕ್ಕೆ ನಿಂತಿತು. ಥರ್ಮಾಮೀಟರ್ ಇಲ್ಲದಿದ್ದರೆ ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಬಿಸಿ ಸಾಕು. ಕೈ ಇಟ್ಟರೆ ಹಾಯ್ ಅನ್ನಿಸಬೇಕು, ಚುರ್ ಅನ್ನಿಸಬಾರದು. ಅದಕ್ಕಿಂತ ಬಿಸಿಯಾದರೆ ಹಿಟ್ಟು ಉಬ್ಬುವ ಮೊದಲೇ ಹುಳಿಯಾಗುತ್ತದೆ, ಇನ್ನೂ ಏರಿದರೆ ಹುದುಗು ಬರಿಸುವ ಜೀವವೇ ಸಾಯುತ್ತದೆ.

ಹೀಗೆ ಬಿಸಿಯಾಗಿ ಇಳಿದ ಹಿಟ್ಟಿಗೆ ಗೋಣಿಚೀಲ ಸುತ್ತಿದರೆ ಆಗ ಅದು ಕೆಲಸ ಮಾಡುತ್ತದೆ. ಡಬರಿಯ ಅಡಿಗೂ ಒಂದು ಚೀಲ ಹಾಕಬೇಕು. ನಾನು ಮೊದಲು ಬರಿ ಕಲ್ಲುನೆಲದ ಮೇಲೆ ಇಡುತ್ತಿದ್ದೆ, ನೆಲ ತಳದಿಂದ ಬಿಸಿ ಎಳೆದುಕೊಳ್ಳುತ್ತಿತ್ತು.

ಇನ್ನೊಂದು ಬದಲಾವಣೆ, ಹಳೆ ಹಿಟ್ಟು. ಆ ದಿನದ ಚೆನ್ನಾಗಿ ಉಬ್ಬಿದ ಹಿಟ್ಟಿನಲ್ಲಿ ಎರಡೂವರೆ ಕಿಲೋದಷ್ಟು ಎತ್ತಿಟ್ಟು, ಹೊಸ ಡಬರಿಗೆ ಕೈಯಿಂದ ಕಲಸುತ್ತೇನೆ. ಹೆಪ್ಪು ಹಾಕಿದ ಹಾಗೆ. ಫ್ರಿಜ್‌ನಿಂದ ತೆಗೆದದ್ದಾದರೆ ಒಂದು ಗಂಟೆ ಹೊರಗಿಟ್ಟು ತಂಪು ಬಿಟ್ಟ ಮೇಲೆಯೇ ಹಾಕಬೇಕು. ಉಪ್ಪನ್ನು ಚಳಿಗಾಲದಲ್ಲಿ ಬೆಳಿಗ್ಗೆ ಹಾಕುತ್ತೇನೆ, ಯಾಕೆಂದರೆ ಉಪ್ಪು ಹುದುಗನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತದೆ. ಬೇಸಿಗೆಯಲ್ಲಿ ಅದೇ ಗುಣ ಬೇಕು, ಆಗ ರಾತ್ರಿಯೇ ಹಾಕುತ್ತೇನೆ.

ಮನೆಯಲ್ಲಿ ಒಂದು ಕಿಲೋ ಹಿಟ್ಟು ಮಾಡುವವರಿಗೆ ಕಷ್ಟ ಇನ್ನೂ ಜಾಸ್ತಿ. ದೊಡ್ಡ ಡಬರಿ ನಿಧಾನವಾಗಿ ತಣ್ಣಗಾಗುತ್ತದೆ, ಸಣ್ಣ ಪಾತ್ರೆ ಎರಡು ಗಂಟೆಯಲ್ಲೇ ತಣ್ಣಗಾಗುತ್ತದೆ. ನನ್ನ ಅಕ್ಕನಿಗೆ ಹೇಳಿದ್ದು ಇದು. ಬೆಚ್ಚನೆ ನೀರಿನಲ್ಲಿ ರುಬ್ಬು. ಪಾತ್ರೆಯನ್ನು ಥರ್ಮೋಕೋಲ್ ಡಬ್ಬಿಯಲ್ಲಿಡು. ಪಕ್ಕಕ್ಕೆ ಒಂದು ಬಾಟಲಿ ಬಿಸಿನೀರು ತಾಗದ ಹಾಗೆ ನಿಲ್ಲಿಸಿ ಮುಚ್ಚು. ಮಲಗುವ ಮುಂಚೆ ಒಮ್ಮೆ ನೀರು ಬದಲಾಯಿಸು. ಬೆಳಿಗ್ಗೆ ಒಂದು ಚಮಚ ಹಿಟ್ಟನ್ನು ಲೋಟದ ನೀರಿಗೆ ಬಿಡು. ತೇಲಿದರೆ ಆಯಿತು. ಮುಳುಗಿದರೆ ಚೆಲ್ಲಬೇಡ, ಬಾಟಲಿಗೆ ಮತ್ತೆ ಬಿಸಿನೀರು ತುಂಬಿಸಿ ಮಧ್ಯಾಹ್ನದವರೆಗೆ ಬಿಡು.

ನಮ್ಮಲ್ಲಿ ಈಗ ಗ್ರೈಂಡರ್ ಪಕ್ಕದ ಗೋಡೆಗೆ ಆ ಥರ್ಮಾಮೀಟರ್ ನೇತುಹಾಕಿದ್ದೇವೆ. ರುಬ್ಬಿದವರು ಹಿಟ್ಟಿನ ಡಿಗ್ರಿಯನ್ನು ಸೀಮೆಸುಣ್ಣದಲ್ಲಿ ಮುಚ್ಚಳದ ಮೇಲೆ ಬರೆದೇ ಮನೆಗೆ ಹೋಗಬೇಕು. 26ಕ್ಕಿಂತ ಕಮ್ಮಿ ಬರೆದಿದ್ದರೆ ನೈಟ್ ಡ್ಯೂಟಿಯವನು ಡಬರಿಯನ್ನು ಬಾಯ್ಲರ್ ಪಕ್ಕಕ್ಕೆ ತಳ್ಳುತ್ತಾನೆ. ಡಬರಿ ಇಡುವ ಮೂಲೆಯ ಮೇಲಿರುವ ಎಕ್ಸಾಸ್ಟ್ ಫ್ಯಾನಿನ ಕಿಂಡಿಗೆ ಬಾಗಿಲು ಹಾಕಿಸಿ ಅಂತ ಮಾಲೀಕರಿಗೆ ಎರಡು ಚಳಿಗಾಲದಿಂದ ಹೇಳುತ್ತಿದ್ದೇನೆ. ರಾತ್ರಿಯಿಡೀ ಅಲ್ಲಿಂದ ಕುಳಿರ್ಗಾಳಿ ನೇರ ಹಿಟ್ಟಿನ ಮೇಲೆ ಬೀಸುತ್ತದೆ. ಇನ್ನೂ ಹಾಕಿಸಿಲ್ಲ. ನಿನ್ನೆಯೂ ರಟ್ಟಿನ ತುಂಡು ಸಿಕ್ಕಿಸಿಯೇ ಮನೆಗೆ ಬಂದೆ.