ಝೀರೋ ಸರಿ ಇದೆ, ಎತ್ತರ ಸರಿ ಇಲ್ಲ

"ಝೀರೋ ಮಾಡಿದೆ ಸಿಸ್ಟರ್, ಸರಿಯಾಗೇ ಇದೆ."

"ಝೀರೋ ಸರಿ ಇದೆ ಡಾಕ್ಟ್ರೇ, ಎತ್ತರ ಸರಿ ಇಲ್ಲ."

ರಕ್ತದೊತ್ತಡ ಅಳೆಯುವ ಯಂತ್ರದ ಬಗ್ಗೆ ಈ ವಾರ ಐಸಿಯುನಲ್ಲಿ ಬೆಳಗಿನ ಜಾವ 5 ಗಂಟೆಗೆ ನಡೆದ ಮಾತು ಇಷ್ಟೇ. ಹೇಳಿದ ಸಿಸ್ಟರ್ ಮರುಕ್ಷಣವೇ ಬೇರೆ ಕೆಲಸಕ್ಕೆ ಕೈ ಹಾಕಿದರು. ಆ ಎರಡು ವಾಕ್ಯ ಮಾತ್ರ ಇನ್ನೂ ಕಿವಿಯಲ್ಲೇ ಇವೆ.

ರೋಗಿಗೆ ಮೂತ್ರದ ಸೋಂಕಿನಿಂದ ಸೆಪ್ಟಿಕ್ ಶಾಕ್ ಆಗಿತ್ತು, ಅಂದರೆ ಸೋಂಕು ಮೈಗೆಲ್ಲ ಏರಿ ರಕ್ತದೊತ್ತಡ ಕುಸಿದಿತ್ತು. 60 ಕೆ.ಜಿ. ತೂಕ, ಹಲವು ವರ್ಷಗಳ ಬಿಪಿ ಕಾಯಿಲೆ. ಆ್ಯಂಟಿಬಯಾಟಿಕ್ ಶುರುವಾಗಿತ್ತು, ಕೊಡಬೇಕಾದಷ್ಟು ದ್ರವವೂ ಹೋಗಿತ್ತು. ಮಣಿಕಟ್ಟಿನ ರೇಡಿಯಲ್ ಧಮನಿಗೆ ಒತ್ತಡ ಅಳೆಯುವ ಲೈನ್ ಹಾಕಿ, ಒತ್ತಡ ಏರಿಸುವ ಔಷಧಿ ನಾರ್‌ಅಡ್ರಿನಲಿನ್ ಹಚ್ಚಿದ್ದರು. 50 ಮಿ.ಲೀ. ಸಿರಿಂಜಿನಲ್ಲಿ 4 ಮಿ.ಗ್ರಾಂ, ಗಂಟೆಗೆ 9 ಮಿ.ಲೀ. ವೇಗ. ಅಂದರೆ ಈ ತೂಕಕ್ಕೆ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 0.2 ಮೈಕ್ರೋಗ್ರಾಂ. ಮಾನಿಟರ್‌ನಲ್ಲಿ ಮ್ಯಾಪ್, ಅಂದರೆ ಸರಾಸರಿ ಧಮನಿ ಒತ್ತಡ, 66 ತೋರಿಸುತ್ತಿತ್ತು. ಗುರಿ 65. ಮೂತ್ರ ಗಂಟೆಗೆ 40 ಮಿ.ಲೀ. ಬರುತ್ತಿತ್ತು. ರಾತ್ರಿ 2ರವರೆಗೂ ಎಲ್ಲವೂ ಹಳಿಯ ಮೇಲೇ ಇತ್ತು.

2 ಗಂಟೆಗೆ ರೋಗಿಯ ಮೈ ಒರೆಸಿ, ಬೆನ್ನು ನೋಡಿ, ಹಾಸಿಗೆ ಬದಲಿಸಿದರು. ಬಗ್ಗಿ ಕೆಲಸ ಮಾಡಿದರೆ ಸೊಂಟ ಹಿಡಿಯುತ್ತದೆಂದು ಮಂಚವನ್ನು ಮೇಲಕ್ಕೆತ್ತಿದರು. ಅದು ಸರಿಯಾದ ಪದ್ಧತಿಯೇ. ಕೆಲಸ ಮುಗಿದ ಮೇಲೆ ಮಂಚ ಅಲ್ಲೇ ಉಳಿಯಿತು. ಆದರೆ ಒತ್ತಡವನ್ನು ಅಳೆಯುವ ಟ್ರಾನ್ಸ್‌ಡ್ಯೂಸರ್ ಇದ್ದದ್ದು ಮಂಚಕ್ಕೆ ಅಂಟಿಕೊಂಡಲ್ಲ, ಪಕ್ಕದ ಡ್ರಿಪ್ ಸ್ಟ್ಯಾಂಡಿನ ಮೇಲೆ. ಮಂಚದ ಜೊತೆ ರೋಗಿಯ ಹೃದಯ ಮೇಲೇರಿತು, ಟ್ರಾನ್ಸ್‌ಡ್ಯೂಸರ್ ಇದ್ದಲ್ಲೇ ಇತ್ತು. ಆಮೇಲೆ ಅಳೆದಾಗ ವ್ಯತ್ಯಾಸ 16 ಸೆಂ.ಮೀ.

ಎರಡೂವರೆಗೆ ಮಾನಿಟರ್ 78 ತೋರಿಸಿತು. ಗುರಿ ದಾಟಿದರೆ ನಾರ್‌ಅಡ್ರಿನಲಿನ್ ಇಳಿಸಬೇಕೆಂಬ ಬರೆದಿಟ್ಟ ಸೂಚನೆ ಇದೆ. ಅದರಂತೆ ಹಂತಹಂತವಾಗಿ 9ರಿಂದ 6 ಮಿ.ಲೀ.ಗೆ ಇಳಿಸಿದರು. ಮ್ಯಾಪ್ 70ಕ್ಕೆ ಬಂದು ನಿಂತಿತು. ಚಾರ್ಟ್ ನೋಡಿದರೆ ರೋಗಿ ಸುಧಾರಿಸುತ್ತಿದ್ದಾನೆ ಅನ್ನಿಸುತ್ತದೆ, ಔಷಧಿ ಕಮ್ಮಿಯಾಗಿದೆ, ಒತ್ತಡ ಚೆನ್ನಾಗಿದೆ. ಮೈ ಮಾತ್ರ ಬೇರೆಯದೇ ಹೇಳುತ್ತಿತ್ತು. 4ರಿಂದ 5ರ ನಡುವೆ ಮೂತ್ರ 12 ಮಿ.ಲೀ. ಮಂಡಿಯ ಸುತ್ತ ಚರ್ಮ ನೀಲಿ ಬಲೆಯಂತೆ ಕಂದಿತ್ತು. ಬೆರಳ ತುದಿಯನ್ನು ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಬಣ್ಣ ಮರಳಲು 5 ಸೆಕೆಂಡು ಬೇಕಾಯಿತು, 3 ದಾಟಬಾರದು. ಅಂಗಾಂಗಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ 2.8ರಿಂದ 3.9ಕ್ಕೆ ಏರಿತ್ತು.

ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರ್ ಹುಡುಗನನ್ನು ಬೈಯುವ ಮನಸ್ಸಿಲ್ಲ. ಅವನು ನಿದ್ದೆ ಮಾಡಿರಲಿಲ್ಲ, ಸೋಮಾರಿಯೂ ಅಲ್ಲ. ಮೂತ್ರ ಇಳಿದದ್ದನ್ನು ಕಂಡು ಮೊದಲು ಲೈನ್ ಮೇಲೆಯೇ ಅನುಮಾನಪಟ್ಟ. ಪ್ರೆಷರ್ ಬ್ಯಾಗ್ ನೋಡಿದ, 300ಕ್ಕೆ ಸರಿಯಾಗಿ ಗಾಳಿ ತುಂಬಿತ್ತು. ಕೊಳವೆಗೆ ದ್ರವ ನುಗ್ಗಿಸುವ ಫ್ಲಶ್ ಎಳೆದು ಬಿಟ್ಟ. ಪರದೆಯ ಗೆರೆ ನೇರ ಮೇಲೇರಿ, ಚೌಕವಾಗಿ ನಿಂತು, ಕೆಳಗೆ ಬಿದ್ದು, ಒಂದೆರಡು ಸಲ ತೂಗಿ ಮತ್ತೆ ನಾಡಿಯ ಆಕಾರಕ್ಕೆ ಬಂತು. ಒಳ್ಳೆಯ ಲೈನ್ ಹೀಗೇ ಇರಬೇಕು. ತೂಗಾಟವೇ ಇಲ್ಲದೆ ಮೆಲ್ಲಗೆ ಇಳಿದರೆ ಗುಳ್ಳೆಯೋ, ಹೆಪ್ಪುಗಟ್ಟಿದ ರಕ್ತವೋ, ಮಡಚಿದ ಕೊಳವೆಯೋ ಇದೆಯೆಂದು ಅರ್ಥ. ನಾಲ್ಕಾರು ಸಲ ತೂಗಿದರೆ ಸಿಸ್ಟಾಲಿಕ್ ಇಲ್ಲದ ಎತ್ತರ ತೋರಿಸುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಕೊನೆಗೆ ಝೀರೋ ಮಾಡಿದ. ಟ್ರಾನ್ಸ್‌ಡ್ಯೂಸರ್ ಪಕ್ಕದ ಮೂರು ದಾರಿಯ ನಲ್ಲಿಯಾದ ತ್ರೀ-ವೇ ತಿರುಗಿಸಿ ರೋಗಿಯ ಕಡೆ ಮುಚ್ಚಿ, ಗಾಳಿಗೆ ತೆರೆದು, ಮಾನಿಟರ್‌ನಲ್ಲಿ ಗುಂಡಿ ಒತ್ತಿದ. ಗೆರೆ ಸೊನ್ನೆಗೆ ಬಂತು. ಮತ್ತೆ ತಿರುಗಿಸಿದ. ಅದೇ 70.

ಹೊಸದಾಗಿ ಝೀರೋ ಮಾಡಿದ ಮೇಲೂ ಅದೇ ಅಂಕಿ ಬಂದರೆ ಯಾರಿಗಾದರೂ ನಂಬಿಕೆ ಹುಟ್ಟುತ್ತದೆ. ಮೋಸ ಆಗುವುದೂ ಅಲ್ಲೇ. ಝೀರೋ ಮಾಡುವಾಗ ಯಂತ್ರ ಕಲಿಯುವುದು ಒಂದೇ ಸಂಗತಿ: ಈ ತ್ರೀ-ವೇ ಇರುವ ಜಾಗದಲ್ಲಿ ಗಾಳಿಯ ಒತ್ತಡವನ್ನು ಸೊನ್ನೆ ಅಂದುಕೊಳ್ಳಬೇಕು. ಆ ಜಾಗ ಹೃದಯದ ಮಟ್ಟದಲ್ಲಿದೆಯೋ, ಮಂಡಿಯ ಮಟ್ಟದಲ್ಲಿದೆಯೋ, ಅದಕ್ಕೆ ಗೊತ್ತಿಲ್ಲ. ಟ್ರಾನ್ಸ್‌ಡ್ಯೂಸರನ್ನು ನೆಲದ ಮೇಲಿಟ್ಟು ಝೀರೋ ಮಾಡಿದರೂ ಗೆರೆ ಸೊನ್ನೆಗೇ ಬರುತ್ತದೆ. ಆದರೆ ರೋಗಿಯ ಕಡೆ ತೆರೆದ ಕೂಡಲೇ ಹೃದಯದಿಂದ ಅಲ್ಲಿಯವರೆಗಿನ ದ್ರವದ ಭಾರ ಅಂಕಿಗೆ ಸೇರಿಕೊಳ್ಳುತ್ತದೆ. ಪ್ರತಿ 10 ಸೆಂ.ಮೀ.ಗೆ ಸುಮಾರು 7.4 ಮಿ.ಮೀ. ಪಾದರಸ. 16 ಸೆಂ.ಮೀ.ಗೆ ಹತ್ತಿರಹತ್ತಿರ 12. ಮಾನಿಟರ್ ತೋರಿಸಿದ 70ರಲ್ಲಿ 12 ಆ ನೀರಿನದು. ರೋಗಿಯ ಪಾಲಿಗೆ ಉಳಿದದ್ದು 58.

ಝೀರೋ ಸರಿ ಇದೆ ಡಾಕ್ಟ್ರೇ, ಎತ್ತರ ಸರಿ ಇಲ್ಲ.

ಅದಕ್ಕೂ ಮುಂಚೆ ಅವನು ತೋಳಿಗೆ ಕಫ್ ಕಟ್ಟಿ ನೋಡಿದ್ದ. ಮ್ಯಾಪ್ 57 ಬಂದಿತ್ತು. ಶಾಕ್‌ನಲ್ಲಿ ಕಫ್ ನಂಬುವಂತಿಲ್ಲ, ಅದಕ್ಕೇ ಲೈನ್ ಹಾಕುವುದು ಎಂದು ಕಲಿತಿದ್ದ, ಹಾಗಾಗಿ ಬದಿಗಿಟ್ಟ. ಕಲಿತದ್ದು ತಪ್ಪಲ್ಲ. ಆದರೆ ಎರಡು ಅಳತೆಗಳ ನಡುವೆ 13ರ ಅಂತರ ಬಂದಾಗ ಯಾವುದು ದೊಡ್ಡದೆಂದು ವಾದಿಸುವ ಬದಲು ಅಂತರ ಯಾಕೆ ಬಂತೆಂದು ಕೇಳಬೇಕಿತ್ತು. ಮಲಗಿದ ರೋಗಿಯ ತೋಳಿನ ಕಫ್ ಹೃದಯದ ಮಟ್ಟದಲ್ಲೇ ಇರುತ್ತದೆ. ಅದಕ್ಕೆ ಬೇರೆ ನೂರು ದೋಷ ಇರಬಹುದು, ಮಂಚ ಏರಿದ ದೋಷ ಇರಲಾರದು.

ನನಗೆ ಸಿಟ್ಟಿರುವುದು ಫೋನಿನ ಆ ಕಡೆ ಇದ್ದವರ ಮೇಲೆ. ಹುಡುಗ ಫೋನ್ ಮಾಡಿ ಮೂತ್ರ ಕಮ್ಮಿಯಾಗಿದೆ ಅಂದಾಗ ಹಿರಿಯರು ಕೇಳಿದ್ದು "ಮ್ಯಾಪ್ ಎಷ್ಟಿದೆ?" ಎಂದು. 70 ಅಂದ. "ಮತ್ತೇನು, ಫ್ರುಸೆಮೈಡ್ ಕೊಟ್ಟು ನೋಡಿ" ಅಂದರು. ಮೂತ್ರ ಹೆಚ್ಚು ಹೊರಡಿಸುವ ಔಷಧಿ ಅದು. ಕೈಕಾಲು ಹೇಗಿದೆ, ಕಫ್ ಎಷ್ಟು ತೋರಿಸುತ್ತಿದೆ, ಎರಡು ಗಂಟೆಯಿಂದ ಈಚೆಗೆ ಏನು ಬದಲಾಯಿತು, ಒಂದೂ ಕೇಳಲಿಲ್ಲ. 58ರ ಒತ್ತಡದಲ್ಲಿ ಮೂತ್ರಪಿಂಡ ಮೂತ್ರ ನಿಲ್ಲಿಸಿದ್ದು ತನ್ನನ್ನು ಕಾಪಾಡಿಕೊಳ್ಳಲು. ಅದಕ್ಕೆ ಚಾಟಿ ಬೀಸಿ ಇದ್ದ ನೀರನ್ನೂ ಹೊರಗೆ ಹಾಕಿಸಿದರೆ ರಕ್ತನಾಳ ಇನ್ನಷ್ಟು ಬರಿದಾಗುತ್ತದೆ. ಔಷಧಿ ಸಿರಿಂಜಿಗೆ ತುಂಬಿದ್ದೂ ಆಗಿತ್ತು. ಆಗ ಸಿಸ್ಟರ್ ಬಂದರು.

ಅವರು ಮಾಡಿದ್ದು ತೀರಾ ಸರಳ. ಮಾನಿಟರನ್ನು ನೋಡಲೇ ಇಲ್ಲ. ರೋಗಿಯ ಪಕ್ಕೆಯ ಮೇಲೆ ಬೆರಳಿಟ್ಟು ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದು ಹುಡುಕಿದರು, ಅಲ್ಲಿಂದ ಕಂಕುಳ ನಡುವಿನ ಗೆರೆಗೆ ಬೆರಳು ತಂದರು. ಹೃದಯದ ಮಟ್ಟವೆಂದು ಲೆಕ್ಕಕ್ಕೆ ಹಿಡಿಯುವ ಜಾಗ ಅದೇ. ಬೆರಳನ್ನು ಅಲ್ಲೇ ಇಟ್ಟುಕೊಂಡು ತಲೆ ಬಗ್ಗಿಸಿ, ಕಣ್ಣನ್ನು ಬೆರಳಿನ ಸಮಕ್ಕೆ ತಂದು ಸ್ಟ್ಯಾಂಡಿನ ಕಡೆ ನೋಡಿದರು. ತ್ರೀ-ವೇ ಒಂದು ಗೇಣು ಕೆಳಗಿತ್ತು. ಆ ಮಾತು ಬಂದದ್ದು ಆಗ. ಕ್ಲಾಂಪ್ ಸಡಿಲಿಸಿ ಟ್ರಾನ್ಸ್‌ಡ್ಯೂಸರನ್ನು ಮೇಲಕ್ಕೆ ಸರಿಸಿದರು. 70 ಇದ್ದದ್ದು 66, 62, 58. ಅಲಾರಂ ಕೂಗಿತು.

"ಸಿಸ್ಟರ್, ಬಿಪಿ ಬಿತ್ತು!"

"ಈಗ ಬಿದ್ದಿಲ್ಲ. ಮೂರು ಗಂಟೆಯಿಂದ ಬಿದ್ದೇ ಇತ್ತು."

ಇದರಲ್ಲಿ ಹೆಚ್ಚು ಕಾಡುವ ಸಂಗತಿ ಬೇರೆ. ಲೈನ್ ಬಗ್ಗೆ ಕಲಿಸುವಾಗ ನಾವು ಅಲೆಯ ಆಕಾರದ ಮೇಲೆ ಗಂಟೆಗಟ್ಟಲೆ ಮಾತಾಡುತ್ತೇವೆ. ಗುಳ್ಳೆ ಸೇರಿ ಅಲೆ ಚಪ್ಪಟೆಯಾದರೆ ಸಿಸ್ಟಾಲಿಕ್ ಇಳಿಯುತ್ತದೆ, ಡಯಾಸ್ಟಾಲಿಕ್ ಏರುತ್ತದೆ, ಆದರೆ ಮ್ಯಾಪ್ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಯಾಕೆಂದರೆ ಮಾನಿಟರ್ ಅದನ್ನು ಇಡೀ ಅಲೆಯ ಸರಾಸರಿಯಾಗಿ ಲೆಕ್ಕ ಹಾಕುತ್ತದೆ. ಸೆಪ್ಸಿಸ್‌ನಲ್ಲಿ ಮ್ಯಾಪನ್ನೇ ಗುರಿಯಾಗಿ ಹಿಡಿಯುವುದಕ್ಕೆ ಇದೂ ಒಂದು ಅನುಕೂಲ. ಎತ್ತರದ ತಪ್ಪು ಹಾಗಲ್ಲ. ಅದು ಸಿಸ್ಟಾಲಿಕ್, ಡಯಾಸ್ಟಾಲಿಕ್, ಮ್ಯಾಪ್ ಮೂರನ್ನೂ ಒಟ್ಟಿಗೆ ಎತ್ತಿಬಿಡುತ್ತದೆ. ಅಲೆ ಅಷ್ಟೇ ಚೆಂದ ಕಾಣುತ್ತದೆ, ಫ್ಲಶ್ ಪರೀಕ್ಷೆಯೂ ಪಾಸಾಗುತ್ತದೆ. ಪರದೆಯ ಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಪರದೆ ಬಿಟ್ಟು ಮಂಚದ ಪಕ್ಕ ಬಗ್ಗಬೇಕು.

ಹಾಗೆಯೇ, ಕೈ ಎತ್ತಿಟ್ಟರೆ ಅಂಕಿ ಬದಲಾಗುತ್ತದೆಂದು ಹೆದರಿ ಮಣಿಕಟ್ಟನ್ನೇ ಹೃದಯದ ಮಟ್ಟಕ್ಕೆ ತರಲು ಪರದಾಡುವವರನ್ನು ನೋಡುತ್ತೇನೆ. ಟ್ರಾನ್ಸ್‌ಡ್ಯೂಸರ್ ಕದಲದಿದ್ದರೆ ಕೈ ಮೇಲಿದ್ದರೂ ಕೆಳಗಿದ್ದರೂ ಅಂಕಿ ಅದೇ. ಧಮನಿಯಲ್ಲಿ ಕಳೆದದ್ದನ್ನು ಕೊಳವೆಯ ದ್ರವ ತುಂಬಿಕೊಡುತ್ತದೆ. ಲೆಕ್ಕಕ್ಕೆ ಬರುವುದು ತ್ರೀ-ವೇ ಎತ್ತರ ಒಂದೇ.

ಈಗ 65ರ ಗುರಿಯ ಮಾತು. ಫ್ರಾನ್ಸಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸೆಪ್ಸಿಸ್‌ಪ್ಯಾಮ್ ಅಧ್ಯಯನ 776 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 65ರಿಂದ 70, ಇನ್ನೊಂದಕ್ಕೆ 80ರಿಂದ 85 ಗುರಿ ಇಟ್ಟಿತು. ಸಾವಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಿನ ಗುರಿಯವರಲ್ಲಿ ಹೃದಯದ ಲಯ ತಪ್ಪುವುದು ಜಾಸ್ತಿಯಾಯಿತು, ಆದರೆ ಮೊದಲಿನಿಂದ ಬಿಪಿ ಇದ್ದವರಲ್ಲಿ ಡಯಾಲಿಸಿಸ್‌ನ ಅಗತ್ಯ ಕಮ್ಮಿಯಾಯಿತು. 2020ರ ಬ್ರಿಟನ್ನಿನ ಅಧ್ಯಯನವೊಂದು 65 ದಾಟಿದ ವಯಸ್ಸಿನವರಲ್ಲಿ 60ರಿಂದ 65ರ ಗುರಿ ಇಟ್ಟು ನೋಡಿತು, ಅದರಿಂದ ಸಾವು ಹೆಚ್ಚಲಿಲ್ಲ. ಅಂದರೆ ತಜ್ಞರು ವರ್ಷಗಟ್ಟಲೆ ಚರ್ಚಿಸುತ್ತಿರುವುದು 5, 10, 15ರ ಅಂತರಗಳ ಬಗ್ಗೆ. ಮಂಚದ ಒಂದು ಗುಂಡಿ ಒತ್ತಿದ್ದಕ್ಕೆ ಇಲ್ಲಿ 12 ಹೋಯಿತು. 60 ಸಾಕೋ 65 ಬೇಕೋ ಎಂದು ಬೆಳಗಿನ ರೌಂಡ್ಸ್‌ನಲ್ಲಿ ವಾದಿಸುವವರಲ್ಲಿ ಎಷ್ಟು ಜನ ಮೊದಲು ತ್ರೀ-ವೇ ಎತ್ತರ ನೋಡುತ್ತಾರೆ?

ಟ್ರಾನ್ಸ್‌ಡ್ಯೂಸರನ್ನು ಮಂಚದ ಚೌಕಟ್ಟಿಗೇ ಕಟ್ಟಿದರೆ ಮುಗಿಯಿತಲ್ಲ ಎಂದು ಯಾರೋ ಕೇಳಿದರು. ಅರ್ಧ ಮುಗಿಯುತ್ತದೆ. ಇಡೀ ಮಂಚ ಏರಿದರೆ ಅದೂ ಏರುತ್ತದೆ. ಆದರೆ ತಲೆಯ ಕಡೆಯನ್ನು ಮಾತ್ರ 30 ಡಿಗ್ರಿ ಎತ್ತಿದರೆ ಹೃದಯ ಏರುತ್ತದೆ, ಚೌಕಟ್ಟು ಏರುವುದಿಲ್ಲ. ಮಗ್ಗುಲು ಬದಲಿಸಿದಾಗಲೂ ಮಟ್ಟ ತಪ್ಪುತ್ತದೆ. ಆ ಸಿಸ್ಟರ್ ಮಾರ್ಕರ್ ಪೆನ್ನಿನಿಂದ ರೋಗಿಯ ಪಕ್ಕೆಯ ಮೇಲೆ ಒಂದು ಕೂಡು ಗುರುತು ಹಾಕಿದರು. ಕದಲಿಸಿದಾಗಲೆಲ್ಲ ಗುರುತಿಗೂ ತ್ರೀ-ವೇಗೂ ಕಣ್ಣಳತೆ ಹಿಡಿಯಬೇಕು, ಪಾಳಿ ಬದಲಾದಾಗ ಸ್ಪಿರಿಟ್ ಲೆವೆಲ್ ಇಟ್ಟು ನೋಡಬೇಕು.

ನಾರ್‌ಅಡ್ರಿನಲಿನ್ ಮತ್ತೆ 9 ಮಿ.ಲೀ.ಗೆ ಹೋಯಿತು. ಫ್ರುಸೆಮೈಡ್ ಸಿರಿಂಜ್ ಬುಟ್ಟಿ ಸೇರಿತು. ಆರಕ್ಕೆ ಮ್ಯಾಪ್ 67, ಕಫ್ 66. ಏಳರಿಂದ ಎಂಟರ ನಡುವೆ ಮೂತ್ರ 35 ಮಿ.ಲೀ. ಬಂತು, ಬೆರಳ ತುದಿಗೆ ಬಣ್ಣ 3 ಸೆಕೆಂಡಿಗೆ ಮರಳಿತು. ಹಳೆಯ ಬಿಪಿ ರೋಗಿಯಾದ್ದರಿಂದ ಕೆಲವು ಗಂಟೆ 75ಕ್ಕೆ ಏರಿಸಿ ಮೂತ್ರ ಇನ್ನೂ ಸುಧಾರಿಸುತ್ತದೋ ನೋಡೋಣ, ಇಲ್ಲದಿದ್ದರೆ 65ಕ್ಕೇ ಮರಳೋಣ ಎಂದು ರೌಂಡ್ಸ್‌ನಲ್ಲಿ ತೀರ್ಮಾನವಾಯಿತು.