ನಾಲ್ಕು ಎಳೆ, ಎರಡು ಬಣ್ಣ: ಏಳನೇ ತರಗತಿಗೆ ಕೋಶ ವಿಭಜನೆಯ ಅನಿಮೇಷನ್

ನೀರುಳ್ಳಿಯ ಒಂದು ಕೋಶದಲ್ಲಿ 16 ವರ್ಣತಂತುಗಳಿವೆ, ನಮ್ಮ ಕೋಶದಲ್ಲಿ 46. ನನ್ನ ಅನಿಮೇಷನ್‌ನಲ್ಲಿ ಇರುವುದು ನಾಲ್ಕೇ. ಕುಮಟಾ ಕಡೆಯ ಒಂದು ಶಾಲೆಯಲ್ಲಿ ಏಳು ಮತ್ತು ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಕೋಶ ವಿಭಜನೆ ತೋರಿಸುವಾಗ ಏನನ್ನು ಬಿಡಬೇಕು, ಏನನ್ನು ಬಿಡಲೇಬಾರದು ಎಂಬ ಲೆಕ್ಕಾಚಾರ ಈ ನಾಲ್ಕರಿಂದಲೇ ಶುರುವಾಗುತ್ತದೆ.

ಎರಡನ್ನೇ ಬರೆದರೆ ಇನ್ನೂ ಸುಲಭವಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ಸುಲಭ ಹೌದು, ಆದರೆ ಎರಡೇ ಇದ್ದರೆ ಮಕ್ಕಳಿಗೆ ಜೋಡಿ ಯಾವುದು, ನಕಲು ಯಾವುದು ಎಂದು ಬೇರೆ ಮಾಡಲು ಆಗುವುದಿಲ್ಲ. ಅದಕ್ಕೇ ನಾನು ಎರಡು ಉದ್ದನೆಯವು, ಎರಡು ಗಿಡ್ಡನೆಯವು ಬರೆಯುತ್ತೇನೆ. ಉದ್ದನೆಯದರಲ್ಲಿ ಒಂದು ಕೆಂಪು, ಒಂದು ನೀಲಿ. ಗಿಡ್ಡನೆಯದರಲ್ಲೂ ಹಾಗೆಯೇ. ಉದ್ದ ನೋಡಿದರೆ ಅದು ಯಾವ ವರ್ಣತಂತು ಎಂದು ಗೊತ್ತಾಗಬೇಕು. ಬಣ್ಣ ನೋಡಿದರೆ ಅದು ತಾಯಿಯಿಂದ ಬಂದದ್ದೋ ತಂದೆಯಿಂದ ಬಂದದ್ದೋ ತಿಳಿಯಬೇಕು. ಎರಡು ಗುರುತು, ಎರಡು ಅರ್ಥ. ಮೂರನೆಯದು ಬೇಡ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ನಮ್ಮ ಶಾಲೆಯ ಕಂಪ್ಯೂಟರ್‌ನಲ್ಲಿ ಮೊದಲಿನಿಂದ ಇದ್ದ ಒಂದು ವಿಡಿಯೋದಲ್ಲಿ ವರ್ಣತಂತುವನ್ನು ಇಂಗ್ಲಿಷಿನ ಎಕ್ಸ್ ಅಕ್ಷರದಂತೆ ಬರೆದು ಅರ್ಧಕ್ಕೆ ಕೆಂಪು, ಅರ್ಧಕ್ಕೆ ನೀಲಿ ಬಳಿದಿದ್ದರು. ನೋಡಲು ಚೆಂದ. ಆದರೆ ಆ ಎರಡು ಅರ್ಧಗಳು ಒಂದರದ್ದೇ ಎರಡು ಪ್ರತಿಗಳು. ವಿಡಿಯೋ ಮುಂದೆ ಓಡಿದಾಗ ಕೆಂಪೆಲ್ಲ ಮೇಲಿನ ಕೋಶಕ್ಕೆ, ನೀಲಿಯೆಲ್ಲ ಕೆಳಗಿನದಕ್ಕೆ ಹೋಯಿತು. ಅದನ್ನು ನೋಡಿದ ಮಗು ಏನು ಬರೆಯುತ್ತದೆ? "ತಾಯಿಯದು ಒಂದು ಕೋಶಕ್ಕೆ, ತಂದೆಯದು ಇನ್ನೊಂದಕ್ಕೆ." ಕಣ್ಣೆದುರು ಕಂಡದ್ದನ್ನೇ ಬರೆದಿದೆ, ಮಗುವಿನದ್ದೇನೂ ತಪ್ಪಿಲ್ಲ. ಆದರೆ ಹಾಗೆ ನಿಜವಾಗಿ ನಡೆದರೆ ನಮ್ಮ ಚರ್ಮದ ಅರ್ಧ ಕೋಶಗಳಲ್ಲಿ ತಂದೆಯ ಪಾಲು ಇರುವುದೇ ಇಲ್ಲ! ಹಾಗಾಗಿ ನನ್ನ ಚಿತ್ರದಲ್ಲಿ ಕೆಂಪಿನ ನಕಲು ಕೆಂಪೇ, ನೀಲಿಯ ನಕಲು ನೀಲಿಯೇ. ಪಕ್ಕಪಕ್ಕದ ಎರಡು ಪ್ರತಿಗಳು ಒಂದರಲ್ಲೊಂದು ಸೇರಿದಂತೆ ಕಂಡರೂ ಅಡ್ಡಿಯಿಲ್ಲ. ಅಂಚಿಗೊಂದು ಕಪ್ಪು ಗೆರೆ ಎಳೆದರೆ ಸಾಕು.

46ನ್ನು 4 ಮಾಡುವುದಕ್ಕೂ ಆ ವಿಡಿಯೋದಂತೆ ಬಣ್ಣ ಬಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ನಾಲ್ಕು ಎಂದು ಕಲಿತವರಿಗೆ ಮುಂದೆ "ನಿಜವಾಗಿ 46" ಎಂದು ಹೇಳಿದರೆ ಮುಗಿಯಿತು. ಅರ್ಧ ಕೆಂಪು, ಅರ್ಧ ನೀಲಿ ಎಂದು ಕಲಿತವರಿಗೆ ಹತ್ತನೇ ತರಗತಿಯ ಆನುವಂಶೀಯತೆ ಹೇಳುವ ಮೊದಲು ಹಳೆಯದನ್ನು ಅಳಿಸಬೇಕು. ಮುಂದಿನ ಮಾಸ್ತರರು ಸೇರಿಸಿದರೆ ಸಾಕೋ, ಅಳಿಸಬೇಕೋ ಎಂಬುದನ್ನು ನೋಡಿಯೇ ನಾನು ಬಿಡುವುದನ್ನು ಬಿಡುತ್ತೇನೆ. ಹಂತಗಳ ಹೆಸರು, ಪ್ರೋಫೇಸ್ ಮೆಟಾಫೇಸ್ ಇತ್ಯಾದಿ, ಏಳನೇ ತರಗತಿಯಲ್ಲಿ ಹೇಳುವುದೇ ಇಲ್ಲ. ಕ್ರೊಮ್ಯಾಟಿಡ್ ಎಂಬ ಪದವೂ ಬೇಡ. "ಎಳೆ", "ಎಳೆಯ ನಕಲು" ಎಂದರೆ ನಡೆಯುತ್ತದೆ. ಸೆಂಟ್ರಿಯೋಲ್ ಅಂತೂ ನೀರುಳ್ಳಿಯಲ್ಲಿ ಇಲ್ಲವೇ ಇಲ್ಲ.

ವರ್ಣತಂತುಗಳನ್ನು ಎರಡು ತುದಿಗೆ ಸೆಳೆಯುವ ಕದಿರಿನ ಎಳೆಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಹೆಸರು ಹೇಳದೆ. ಯಾಕೆಂದರೆ ಪ್ರತಿ ಜೋಡಿ ನಕಲಿನಲ್ಲಿ ಒಂದನ್ನು ಈ ತುದಿಯಿಂದ, ಇನ್ನೊಂದನ್ನು ಆ ತುದಿಯಿಂದ ಹಿಡಿದಿರುವುದರಿಂದಲೇ ಎರಡೂ ಕೋಶಕ್ಕೆ ಒಂದೊಂದು ಸಿಗುತ್ತದೆ. ಅದನ್ನು ತೆಗೆದರೆ ಹಂಚಿಕೆ ಸರಿಯಾಗಿ ಯಾಕೆ ಆಗುತ್ತದೆ ಎಂಬುದಕ್ಕೆ ಚಿತ್ರದಲ್ಲಿ ಉತ್ತರವೇ ಇರುವುದಿಲ್ಲ.

ನಾನು ಬಳಸುವುದು ಪವರ್‌ಪಾಯಿಂಟ್‌ನ ಮಾರ್ಫ್. ಒಂದು ಎಳೆ ಬರೆದು, ಅದನ್ನು ನಕಲು ಮಾಡಿ, ನಕಲನ್ನು ಮೂಲದ ಮೇಲೆಯೇ ಸರಿಯಾಗಿ ಇಡುತ್ತೇನೆ. ಮೊದಲ ಸ್ಲೈಡಿನಲ್ಲಿ ಒಂದೇ ಕಾಣುತ್ತದೆ. ಮುಂದಿನ ಸ್ಲೈಡಿನಲ್ಲಿ ನಕಲನ್ನು ಚೂರು ಪಕ್ಕಕ್ಕೆ ಸರಿಸಿದರೆ ಒಂದರಿಂದ ಇನ್ನೊಂದು ಹೊರಬಂದಂತೆ ಚಲಿಸುತ್ತದೆ. ಒಂದೇ ಥರದ ಆಕಾರಗಳು ಹೆಚ್ಚಾದಾಗ ಮಾರ್ಫ್ ಒಂದನ್ನು ಇನ್ನೊಂದೆಂದು ತಿಳಿದು ಅಡ್ಡಾದಿಡ್ಡಿ ಹಾರಿಸುತ್ತದೆ. ಅದಕ್ಕೆ `Selection Pane` ತೆರೆದು ಪ್ರತಿ ಎಳೆಗೂ ಎರಡು ಆಶ್ಚರ್ಯ ಚಿಹ್ನೆಯಿಂದ ಶುರುವಾಗುವ ಹೆಸರು ಕೊಡಬೇಕು:

```
!!long-red-1
!!long-red-2
```

ಎಲ್ಲ ಸ್ಲೈಡುಗಳಲ್ಲೂ ಅದೇ ಹೆಸರಿದ್ದರೆ ಅದೇ ಎಳೆ ಅದರದ್ದೇ ಜಾಗಕ್ಕೆ ಹೋಗುತ್ತದೆ. ಹಳೆಯ ಆವೃತ್ತಿ ಇರುವ ಕಂಪ್ಯೂಟರಿನಲ್ಲಿ ಮಾರ್ಫ್ ಓಡುವುದಿಲ್ಲ, ಒಂದು ಸ್ಲೈಡು ಮಾಸಿ ಇನ್ನೊಂದು ಬರುತ್ತದೆ ಅಷ್ಟೇ. ಮನೆಯಲ್ಲೇ ವಿಡಿಯೋ ಮಾಡಿಕೊಂಡು ಹೋಗುವುದು ಒಳ್ಳೆಯದು.

ಇನ್ನೊಂದು ತೊಡಕು ಸಮಯದ್ದು. ಎಲ್ಲ ಅನಿಮೇಷನ್‌ಗಳೂ ವಿಭಜನೆಯನ್ನಷ್ಟೇ ತೋರಿಸುತ್ತವೆ, ಕೋಶಕ್ಕೆ ಬೇರೆ ಕೆಲಸವೇ ಇಲ್ಲವೆಂಬಂತೆ. ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶ ಒಂದು ಸುತ್ತು ಮುಗಿಸಲು ಸುಮಾರು 24 ಗಂಟೆ ಹಿಡಿಯುತ್ತದೆ. ಅದರಲ್ಲಿ ನಾವು ಚಿತ್ರ ಬಿಡಿಸುವ ಭಾಗ ಸುಮಾರು ಒಂದು ಗಂಟೆ. ಡಿಎನ್‌ಎ ನಕಲಾಗುವುದು ಅದಕ್ಕಿಂತ ಬಹಳ ಮೊದಲು, ಎಳೆಗಳು ಇನ್ನೂ ಸಪೂರಾಗಿ, ಗೋಜಲಾಗಿ ಇರುವಾಗ. ಆಮೇಲೆ ಸುರುಳಿ ಸುತ್ತಿ ದಪ್ಪಗಾಗುತ್ತವೆ. ಮೊದಲ ಚಿತ್ರದಲ್ಲೇ ಎಕ್ಸ್ ಆಕಾರ ಇಟ್ಟರೆ, ಕೋಶ ಯಾವಾಗಲೂ ಹಾಗೆಯೇ ಇರುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ನಕಲಾಗುವ ಹೆಜ್ಜೆಯೇ ಅವರ ತಲೆಯಲ್ಲಿ ಇರುವುದಿಲ್ಲ.

ಅದಕ್ಕೆ ನನ್ನ ಮೊದಲ ವಿಡಿಯೋ 24 ಸೆಕೆಂಡಿನದು, ಗಂಟೆಗೊಂದು ಸೆಕೆಂಡ್, ಮೂಲೆಯಲ್ಲಿ ಗಡಿಯಾರ. 23 ಸೆಕೆಂಡು ಹೆಚ್ಚೇನೂ ಕಾಣುವುದಿಲ್ಲ. ಕೋಶ ಸ್ವಲ್ಪ ಹಿಗ್ಗುತ್ತದೆ, ನಡುವೆ ಎಲ್ಲೋ ಸಪೂರ ಎಳೆಗಳು ನಕಲಾಗುತ್ತವೆ. ಕೊನೆಯ ಒಂದು ಸೆಕೆಂಡಿನಲ್ಲಿ ಗಡಬಡಿಸಿ ಎರಡಾಗಿಬಿಡುತ್ತದೆ. "ಅಕ್ಕೋರೆ, ಹ್ಯಾಂಗ್ ಆಯ್ತಾ?" ಎಂದು ಹಿಂದಿನ ಬೆಂಚಿನಿಂದ ಕೇಳದೇ ಇರುವ ತರಗತಿ ಇಲ್ಲ. ಆ ಬೇಸರ ನನಗೆ ಬೇಕಾದದ್ದೇ. ನಂತರ ಕೊನೆಯ ಸೆಕೆಂಡನ್ನು ನಿಧಾನ ಮಾಡಿ ತೋರಿಸುತ್ತೇನೆ.

ಕೊನೆಯ ಭಾಗದಲ್ಲಿ ಎರಡು ರೂಪ ಮಾಡಲೇಬೇಕಾಯಿತು. ಪ್ರಾಣಿ ಕೋಶ ನಡುವೆ ಹಿಸುಕಿದಂತೆ ಒಳಕ್ಕೆ ಸರಿದು ಎರಡಾಗುತ್ತದೆ. ಸಸ್ಯಕೋಶಕ್ಕೆ ಗಟ್ಟಿ ಭಿತ್ತಿ ಇರುವುದರಿಂದ ಅದು ಹಾಗೆ ಹಿಸುಕಿಕೊಳ್ಳಲಾರದು. ನಡುವೆ ಹೊಸ ಗೋಡೆ ಹುಟ್ಟಿ ಅಂಚಿನ ಕಡೆಗೆ ಬೆಳೆಯುತ್ತದೆ. ನಮ್ಮಲ್ಲಿ ಬೇಸಿಗೆ ಬಂತೆಂದರೆ ಹೆದ್ದಾರಿ ಬದಿಗೆ ಕುಮಟಾದ ಸಿಹಿ ನೀರುಳ್ಳಿ ಗೊಂಚಲು ತೂಗುತ್ತದೆ, ಸೂಕ್ಷ್ಮದರ್ಶಕಕ್ಕೆ ಬೇರಿನ ತುದಿ ಅದರಿಂದಲೇ ಸಿಗುತ್ತದೆ. ಪರದೆಯ ಮೇಲೆ ದುಂಡು ಕೋಶ ಹಿಸುಕಿಕೊಂಡದ್ದನ್ನು ಕಂಡು, ಸೂಕ್ಷ್ಮದರ್ಶಕದಲ್ಲಿ ಇಟ್ಟಿಗೆ ಜೋಡಿಸಿದಂತಹ ಚೌಕಗಳನ್ನು ಕಂಡರೆ ಮಕ್ಕಳು ಎರಡಕ್ಕೂ ಸಂಬಂಧವೇ ಇಲ್ಲ ಎಂದುಕೊಳ್ಳುತ್ತಾರೆ. ಸ್ಲೈಡಿನಲ್ಲಿ ಹೆಚ್ಚಿನ ಕೋಶಗಳು ವಿಭಜನೆಯಾಗುತ್ತಿಲ್ಲ ಎಂಬುದು 24 ಸೆಕೆಂಡಿನ ವಿಡಿಯೋ ನೋಡಿದವರಿಗೆ ಆಶ್ಚರ್ಯ ತರುವುದಿಲ್ಲ.

ತಿಳಿಯಿತೋ ಇಲ್ಲವೋ ನೋಡಲು ನಾಲ್ಕು ಎಳೆಯ ಚಿತ್ರ ಕೊಡುವುದಿಲ್ಲ, ಅದು ಬಾಯಿಪಾಠವಾಗಿರುತ್ತದೆ. ಆರು ಎಳೆಗಳ ಕೋಶ ಕೊಡುತ್ತೇನೆ: ಉದ್ದ, ಮಧ್ಯಮ, ಗಿಡ್ಡ, ಪ್ರತಿಯೊಂದರಲ್ಲೂ ಒಂದು ಕೆಂಪು, ಒಂದು ನೀಲಿ. ವಿಭಜನೆಯಾದ ಮೇಲಿನ ಎರಡು ಕೋಶಗಳನ್ನು ಬರೆಯಿರಿ ಎನ್ನುತ್ತೇನೆ. ಒಂದೊಂದರಲ್ಲಿ ಮೂರು ಬರೆದವರು ನಕಲಾಗುವುದನ್ನು ಬಿಟ್ಟಿದ್ದಾರೆ. ಅವರಿಗೆ ಗಡಿಯಾರದ ವಿಡಿಯೋ ಮತ್ತೆ ಹಾಕಿ, ಎಳೆಗಳು ನಕಲಾಗುವಲ್ಲಿ ನಿಲ್ಲಿಸಿ ಎಣಿಸಲು ಹೇಳಬೇಕು. ಆರಾರು ಬರೆದು, ಒಂದು ಕೋಶದಲ್ಲಿ ಎಲ್ಲವನ್ನೂ ಕೆಂಪು ಮಾಡಿದವರ ಲೆಕ್ಕ ಸರಿಯಿದೆ, ಹಂಚಿಕೆ ತಪ್ಪಿದೆ. ಅವರಿಗೆ ಎಣಿಕೆ ಮತ್ತೆ ಹೇಳಿ ಪ್ರಯೋಜನವಿಲ್ಲ. ಕದಿರಿನ ಎಳೆಗಳು ಎರಡೂ ತುದಿಯಿಂದ ಹಿಡಿದಿರುವ ಸ್ಲೈಡನ್ನು ತೆರೆದಿಟ್ಟು, ಒಂದು ಕೆಂಪು ಜೋಡಿಯನ್ನು ಬೆರಳಿಟ್ಟು ತೋರಿಸಿ, ಅದರ ಎರಡನೇ ಪ್ರತಿ ಎಲ್ಲಿಗೆ ಹೋಗುತ್ತದೆ ಎಂದಷ್ಟೇ ಕೇಳುತ್ತೇನೆ.