ತೋಟದ ಮಾತು, ಮಾರಾಟದ ಮಾತು

ಕಥೆಯ ಸಂಭಾಷಣೆಯಲ್ಲಿ ಮನಸ್ಸಿನ ಮಾತನ್ನ ನೇರವಾಗಿ ಆಡಿಸದೆ ಹೇಗೆ ಹೇಳಿಸೋದು? ಒಂದು ಕಥೆ ಬರೀತಿದ್ದೀರಿ ಅಂದುಕೊಳ್ಳಿ. ಅದರಲ್ಲಿ ಮಗ ಊರಿಗೆ ಬಂದಿರುವುದೇ ತೋಟ ಮಾರಿಸಲು. ಅಪ್ಪನಿಗೆ ಅದು ಗೊತ್ತು. ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಹೀಗೆ ಬರುತ್ತೆ: "ಅಪ್ಪಾ, ತೋಟ ಮಾರೋಣ." "ನಾನಿರೋವರೆಗೂ ಆಗಲ್ಲ." ಎರಡೇ ಸಾಲಿಗೆ ದೃಶ್ಯ ಮುಗೀತು.

ಇಬ್ಬರ ಬಾಯಿಂದಲೂ 'ಮಾರಾಟ' ಅನ್ನೋದನ್ನ ಕಿತ್ತುಕೊಂಡು ನೋಡಿ.

"ಬೋರಲ್ಲಿ ನೀರು ಹೇಗಿದೆ ಅಪ್ಪಾ?"
"ಇನ್ನೂರು ಅಡಿಕೆ ಸಸಿಗೆ ಹೇಳಿದೀನಿ."
"ಕೂಲಿ ಎಷ್ಟಾಗಿದೆ ಈಗ?"
"ನಾಳೆ ಗುಂಡಿ ತೆಗೆಯೋಕೆ ಬರ್ತಾರೆ. ಇದ್ದು ಹೋಗು."

ಅಪ್ಪ ಒಂದು ಪ್ರಶ್ನೆಗೂ ಉತ್ತರ ಕೊಟ್ಟಿಲ್ಲ. ಅಡಿಕೆ ಸಸಿ ಫಸಲಿಗೆ ಬರೋಕೆ ಐದಾರು ವರ್ಷವಾದರೂ ಬೇಕು. ಈಗ ನೆಡ್ತೀನಿ ಅಂದರೆ ಮಾರಲ್ಲ ಅಂತಲೇ ಅರ್ಥ. ಮಗ ಕೇಳ್ತಿರೋದೂ ನೀರು, ಕೂಲಿ ಅಲ್ಲ, ನಷ್ಟದ ಲೆಕ್ಕ.

ಆದರೆ ಮಗನ ಉದ್ದೇಶ ಓದುಗರಿಗೆ ಮೊದಲೇ ಗೊತ್ತಿರಬೇಕು. ಬಸ್ಸಿಳಿಯುವಾಗ ಅವನ ಫೋನಿಗೆ ಬ್ರೋಕರ್ ಕರೆ ಬಂದಿದ್ದರೆ ಸಾಕು. ಅದಿಲ್ಲದಿದ್ದರೆ ಇದು ಬರೀ ಕೃಷಿ ಮಾತುಕತೆ. ಸಂಭಾಷಣೆ ಮಂಕಾಗಿದೆ ಅನಿಸಿದಾಗ ಸಾಲು ತಿದ್ದುತ್ತಾ ಕೂರುವವರೇ ಹೆಚ್ಚು. ಕೊರತೆ ಇರೋದು ಬಹುಪಾಲು ಹಿಂದಿನ ಪುಟದಲ್ಲಿ.

ಇನ್ನೊಂದು ಕಡೆ ಕೈ ತಡೆಯೋದು ಕಷ್ಟ: "ಎಂದು ಅಪ್ಪ ಸೂಚ್ಯವಾಗಿ ನಿರಾಕರಿಸಿದ" ಅಂತ ಕೆಳಗೆ ಬರೆದುಬಿಡ್ತೀವಿ. ಅದನ್ನ ಹೊಡೆದುಹಾಕಿ. ಹಾಗಂತ ಮನೆಮಂದಿಯೆಲ್ಲ ಒಗಟಿನಲ್ಲೇ ಮಾತಾಡಿದರೆ ನಾಟಕವಾಗುತ್ತೆ. ಅಡುಗೆಮನೆಯಿಂದ ಅಮ್ಮ ನೇರವಾಗಿಯೇ ಕೇಳಲಿ: "ಎಷ್ಟಕ್ಕೆ ಕೇಳ್ತಿದಾರಂತೆ?"